ಅಪ್ಪನ ಸೋದರತ್ತೆಯ ಮೊಮ್ಮಗಳು ನಾದಿನಿಯೋ ತಂಗಿಯೋ?

ಪ್ರಶ್ನೆ: ನಾನು ಭಾಷಾವಿಜ್ಞಾನದ ಎಂ.ಎ. ವಿದ್ಯಾರ್ಥಿನಿ, ಊರು ಹಾಸನದ ಕಡೆ. ಬಂಧುವಾಚಕಗಳ ಅರ್ಥಘಟಕ ವಿಶ್ಲೇಷಣೆ (ಕಾಂಪೊನೆನ್ಷಿಯಲ್ ಅನಾಲಿಸಿಸ್) ಮೇಲೆ ಕಿರುಪ್ರಬಂಧ ಬರೀಬೇಕು. ಪೀಳಿಗೆ, ಲಿಂಗ, ವಯಸ್ಸು, ಕ್ರಾಸ್/ಪ್ಯಾರಲಲ್ ಅಂತ ನಾಲ್ಕು ಘಟಕ ಹಾಕಿ ಕೋಷ್ಟಕ ಮಾಡಿದೆ. ಪಾಠದಲ್ಲಿ ಕೊಟ್ಟ, ಅಮೆರಿಕದ ಮೂಲನಿವಾಸಿಗಳಾದ ಇರೊಕ್ವಾ ಜನರ ಕೋಷ್ಟಕವೂ ಹೆಚ್ಚುಕಡಿಮೆ ಹೀಗೇ ಇದೆ, ಆದರೂ ದ್ರಾವಿಡ ಮಾದರಿ ಬೇರೆ ಅಂತಾರೆ. ವ್ಯತ್ಯಾಸ ಎಲ್ಲಿದೆ? ಇನ್ನೊಂದು: ಅಪ್ಪನ ಸೋದರತ್ತೆಯ ಮಗನ ಮಗಳು ನನ್ನ ಅಣ್ಣನಿಗೆ ಮದುವೆ ವರಸೆ ಆಗ್ತಾಳೆ, ಅದೇ ಅತ್ತೆಯ ಮಗಳ ಮಗಳು ತಂಗಿ ಆಗ್ತಾಳೆ ಅಂತ ಅಜ್ಜಿ ಹೇಳ್ತಾರೆ. ಇದನ್ನ ಕೋಷ್ಟಕದಲ್ಲಿ ತೋರಿಸೋದು ಹೇಗೆ?

ಉತ್ತರ: ನಿಮ್ಮ ಅಜ್ಜಿಯ ಲೆಕ್ಕ ಸರಿಯಾಗಿದೆ. ನಿಮ್ಮ ಎರಡು ಪ್ರಶ್ನೆಗಳಿಗೂ ಆ ಲೆಕ್ಕವೇ ಉತ್ತರ. ಕೋಷ್ಟಕದಲ್ಲಿ ನೀವು ಬರೆದ ಪೀಳಿಗೆ, ಲಿಂಗ, ವಯಸ್ಸು ಈ ಮೂರನ್ನೂ ಹೆಚ್ಚುಕಡಿಮೆ ನೇರವಾಗಿ ಹೇಳಬಹುದು. ಕ್ರಾಸ್/ಪ್ಯಾರಲಲ್, ಅಂದರೆ ಅತ್ತೆ-ಮಾವನ ಸಾಲಿನವರೋ ಅಪ್ಪ-ಅಮ್ಮನ ಸಾಲಿನವರೋ ಎಂಬ ಭೇದ, ಹಾಗಲ್ಲ. ನಿಮ್ಮಿಂದ ಆ ವ್ಯಕ್ತಿಯವರೆಗಿನ ಇಡೀ ಸಂಬಂಧದ ಸರಪಣಿಯನ್ನು ಒಂದು ನಿಯಮದ ಪ್ರಕಾರ ಎಣಿಸಿದಾಗ ಬರುವ ಫಲ ಅದು. ಕನ್ನಡದ ನಿಯಮ ಒಂದು, ಇರೊಕ್ವಾ ನಿಯಮ ಇನ್ನೊಂದು. ಹತ್ತಿರದ ಬಂಧುಗಳಲ್ಲಿ ಎರಡು ನಿಯಮವೂ ಒಂದೇ ಉತ್ತರ ಕೊಡುವುದರಿಂದ ಕೋಷ್ಟಕಗಳು ಒಂದೇ ಥರ ಕಾಣುತ್ತವೆ. ಒಂದು ಹೆಜ್ಜೆ ದೂರ ಹೋದ ಕೂಡಲೇ ದಾರಿ ಬೇರೆಯಾಗುತ್ತದೆ.

ಮೊದಲು ಕೋಷ್ಟಕವನ್ನು ಗಟ್ಟಿಮಾಡಿಕೊಳ್ಳೋಣ. ಈ ವಿಧಾನಕ್ಕೆ ಈಗಿನ ರೂಪ ಬಂದದ್ದು 1956ರಲ್ಲಿ, ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಬಂದ ಎರಡು ಲೇಖನಗಳಿಂದ. ಮಾನವಶಾಸ್ತ್ರಜ್ಞರಾದ ವಾರ್ಡ್ ಗುಡ್‌ಇನಫ್ ಪೆಸಿಫಿಕ್ ಸಾಗರದ ಟ್ರಕ್ ದ್ವೀಪಗಳ ಬಂಧುವಾಚಕಗಳನ್ನೂ ಫ್ಲಾಯ್ಡ್ ಲೌನ್ಸ್‌ಬರಿ ಅಮೆರಿಕದ ಪಾನೀ ಜನರ ಬಂಧುವಾಚಕಗಳನ್ನೂ ಬಿಡಿಸಿ ತೋರಿಸಿದರು. ಕೆಲಸದ ಕ್ರಮ ಸರಳ. ಒಂದೊಂದು ಪದವೂ ಯಾರುಯಾರಿಗೆ ಸಲ್ಲುತ್ತದೆ ಎಂದು ಸರಪಣಿಗಳಾಗಿ ಪಟ್ಟಿಮಾಡಬೇಕು. ಆಮೇಲೆ ಒಂದು ಪದದ ಪಟ್ಟಿಯನ್ನು ಇನ್ನೊಂದರಿಂದ ಬೇರ್ಪಡಿಸಲು ಬೇಕಾದ ಅತಿ ಕಡಿಮೆ ಘಟಕಗಳನ್ನು ಹುಡುಕಬೇಕು. ಪಟ್ಟಿಯಲ್ಲಿರುವ ಎಲ್ಲರಿಗೂ ಹೊಂದುವ, ಹೊರಗಿನ ಯಾರಿಗೂ ಹೊಂದದ ಘಟಕಗಳ ಗುಂಪೇ ಆ ಪದದ ಅರ್ಥ. ಇಲ್ಲಿ ಗಮನಿಸಬೇಕಾದ ಮಾತು ‘ಪಟ್ಟಿಯಲ್ಲಿರುವ ಎಲ್ಲರಿಗೂ’ ಎಂಬುದು. ಪಟ್ಟಿ ಚಿಕ್ಕದಾದರೆ ತಪ್ಪು ಘಟಕವೂ ಸರಿಯಾಗಿ ಹೊಂದಿಬಿಡುತ್ತದೆ.

ಸರಪಣಿ ಬರೆಯುವುದಕ್ಕೆ ಕನ್ನಡದ ಷಷ್ಠಿ ತುಂಬ ಅನುಕೂಲ. ‘ಅಪ್ಪನ ಸೋದರತ್ತೆಯ ಮಗನ ಮಗಳು’ ಎಂಬುದನ್ನು ತಂದೆ-ತಂದೆ-ಸೋದರಿ-ಮಗ-ಮಗಳು ಎಂದು ಬರೆಯಿರಿ. ಅಪ್ಪನ ಸೋದರತ್ತೆ ಎಂದರೆ ಅಪ್ಪನ ಅಪ್ಪನ ಒಡಹುಟ್ಟಿದವಳು. ಅದನ್ನು ಬಿಡಿಸಿ ಬರೆಯದೆ ‘ಅತ್ತೆ’ ಎಂದೇ ಇಟ್ಟರೆ ವಿಶ್ಲೇಷಣೆ ಮಾಡಬೇಕಾದ ಪದವನ್ನೇ ವಿಶ್ಲೇಷಣೆಯ ಸಾಧನವಾಗಿ ಬಳಸಿದಂತಾಗುತ್ತದೆ. ಸರಪಣಿಯಲ್ಲಿ ತಂದೆ, ತಾಯಿ, ಸೋದರ, ಸೋದರಿ, ಮಗ, ಮಗಳು, ಗಂಡ, ಹೆಂಡತಿ ಈ ಎಂಟು ಕೊಂಡಿಗಳು ಮಾತ್ರ ಇರಲಿ.

ಎರಡು ವಿಷಯ ಮೊದಲೇ ನಿರ್ಧಾರವಾಗಬೇಕು. ಯಾವ ಊರಿನ, ಯಾವ ಸಮುದಾಯದ ಬಳಕೆ ಎಂಬುದು ಒಂದು. ಧಾರವಾಡದ ಕಾಕಾ, ಮಾಂವಶಿಗಳನ್ನೂ ಹಾಸನದ ಚಿಕ್ಕಪ್ಪ, ಚಿಕ್ಕಮ್ಮಂದಿರನ್ನೂ ಒಂದೇ ಕೋಷ್ಟಕಕ್ಕೆ ತುಂಬಬೇಡಿ. ಇನ್ನೊಂದು, ಕೂಗುವ ಪದವೋ ಹೇಳುವ ಪದವೋ ಎಂಬುದು. ಎದುರಿಗೆ ‘ಅಕ್ಕ’ ಎಂದು ಕೂಗುವವಳನ್ನು ಬೇರೆಯವರಿಗೆ ಪರಿಚಯಿಸುವಾಗ ‘ನಮ್ಮ ಅತ್ತಿಗೆ’ ಎನ್ನುವುದು ನಮ್ಮಲ್ಲಿ ಸಾಮಾನ್ಯ. ವಿಶ್ಲೇಷಣೆಗೆ ಬೇಕಾದದ್ದು ಎರಡನೆಯದು.

ಹಳೇ ಮೈಸೂರು ಕಡೆಯ ಬಳಕೆಯಲ್ಲಿ ಪಟ್ಟಿ ಹೀಗಾಗುತ್ತದೆ. ಮೇಲಿನ ಪೀಳಿಗೆಯಲ್ಲಿ ಅಪ್ಪ, ಅವನ ಅಣ್ಣತಮ್ಮಂದಿರು, ಅಮ್ಮನ ಅಕ್ಕತಂಗಿಯರ ಗಂಡಂದಿರು ಇವರೆಲ್ಲ ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ. ಅಮ್ಮ, ಅವಳ ಅಕ್ಕತಂಗಿಯರು, ಅಪ್ಪನ ಅಣ್ಣತಮ್ಮಂದಿರ ಹೆಂಡತಿಯರು ಅಮ್ಮ, ದೊಡ್ಡಮ್ಮ, ಚಿಕ್ಕಮ್ಮ. ಅಮ್ಮನ ಸೋದರ, ಅಪ್ಪನ ಸೋದರಿಯ ಗಂಡ, ಗಂಡನ ಅಥವಾ ಹೆಂಡತಿಯ ಅಪ್ಪ ಮೂವರೂ ಮಾವ. ಅಪ್ಪನ ಸೋದರಿ, ಅಮ್ಮನ ಸೋದರನ ಹೆಂಡತಿ, ಗಂಡನ ಅಥವಾ ಹೆಂಡತಿಯ ಅಮ್ಮ ಮೂವರೂ ಅತ್ತೆ. ನಿಮ್ಮ ಪೀಳಿಗೆಯಲ್ಲಿ ಒಡಹುಟ್ಟಿದವರೂ ದೊಡ್ಡಪ್ಪ-ಚಿಕ್ಕಪ್ಪ, ದೊಡ್ಡಮ್ಮ-ಚಿಕ್ಕಮ್ಮಂದಿರ ಮಕ್ಕಳೂ ಅಣ್ಣ, ತಮ್ಮ, ಅಕ್ಕ, ತಂಗಿ. ಮಾವ-ಅತ್ತೆಯರ ಮಕ್ಕಳು ಭಾವ, ಮೈದುನ, ಅತ್ತಿಗೆ, ನಾದಿನಿ. ಇವೇ ಪದಗಳು ಗಂಡನ, ಹೆಂಡತಿಯ ಒಡಹುಟ್ಟಿದವರಿಗೂ ಅಕ್ಕನ ಗಂಡ, ಅಣ್ಣನ ಹೆಂಡತಿಯರಿಗೂ ಸಲ್ಲುತ್ತವೆ. ಕೆಳಗಿನ ಪೀಳಿಗೆಯಲ್ಲಿ ಸ್ವಂತ ಮಕ್ಕಳೂ ಗಂಡಸಿಗೆ ಅಣ್ಣತಮ್ಮಂದಿರ, ಹೆಂಗಸಿಗೆ ಅಕ್ಕತಂಗಿಯರ ಮಕ್ಕಳೂ ಮಗ, ಮಗಳು. ಗಂಡಸಿಗೆ ಅಕ್ಕತಂಗಿಯರ, ಹೆಂಗಸಿಗೆ ಅಣ್ಣತಮ್ಮಂದಿರ ಮಕ್ಕಳು ಅಳಿಯ, ಸೊಸೆ. ಮಗಳ ಗಂಡ, ಮಗನ ಹೆಂಡತಿಗೂ ಇವೇ ಪದಗಳು.

ಮೂರು ಪೀಳಿಗೆ, ಎರಡು ಲಿಂಗ, ಕ್ರಾಸ್ ಅಥವಾ ಪ್ಯಾರಲಲ್: ಒಟ್ಟು 12 ಮನೆ. ಅದರೊಳಗೆ ಕೆಲವು ಮನೆಗಳನ್ನು ವಯಸ್ಸು ಮತ್ತೆ ಸೀಳುತ್ತದೆ. ಅಜ್ಜ-ಅಜ್ಜಿ, ಮೊಮ್ಮಕ್ಕಳ ಪೀಳಿಗೆಗಳಲ್ಲಿ ಕ್ರಾಸ್/ಪ್ಯಾರಲಲ್ ಭೇದ ಅಳಿಸಿಹೋಗುತ್ತದೆ. ಅಪ್ಪನ ಅಪ್ಪನೂ ಅಮ್ಮನ ಅಪ್ಪನೂ ನಮಗೆ ಒಂದೇ ಪದ. ಹಾಗಾಗಿ ಆ ಎರಡು ಪೀಳಿಗೆಗಳನ್ನು ಇಲ್ಲಿಗೇ ಬಿಡೋಣ.

ವಯಸ್ಸಿನ ಘಟಕವನ್ನು ‘ಹಿರಿಯ/ಕಿರಿಯ’ ಎಂದಷ್ಟೇ ಬರೆದು ಮುಂದೆ ಹೋಗಬೇಡಿ. ಯಾರಿಗಿಂತ ಹಿರಿಯ ಎಂಬುದು ಮನೆಯಿಂದ ಮನೆಗೆ ಬದಲಾಗುತ್ತದೆ. ಅಣ್ಣ-ತಮ್ಮ ಎನ್ನುವಾಗ ಅಳತೆ ಹೇಳುವವರ ವಯಸ್ಸು. ದೊಡ್ಡಪ್ಪನ ಮಗನಾದರೂ ನಿಮಗಿಂತ ಚಿಕ್ಕವನಾದರೆ ತಮ್ಮನೇ. ದೊಡ್ಡಪ್ಪ-ಚಿಕ್ಕಪ್ಪ ಎನ್ನುವಾಗ ಅಳತೆ ಅಪ್ಪನ ವಯಸ್ಸು. ಅಮ್ಮನ ಅಕ್ಕನ ಗಂಡನನ್ನು ದೊಡ್ಡಪ್ಪ ಎನ್ನುವಾಗ ಅವನ ವಯಸ್ಸು ಲೆಕ್ಕಕ್ಕೇ ಇಲ್ಲ, ಅವನ ಹೆಂಡತಿಯನ್ನು ಅಮ್ಮನ ಜೊತೆ ಅಳೆಯುತ್ತೇವೆ. ಅಕ್ಕನ ಗಂಡ ನಿಮಗಿಂತ ಕಿರಿಯನಾದರೂ ಭಾವ ಎನ್ನುವುದೂ ಹೀಗೆಯೇ. ಸರಪಣಿಯ ಕೊನೆಯ ಕೊಂಡಿ ಮದುವೆಯದಾದಲ್ಲಿ ವಯಸ್ಸು ಆ ಕೊಂಡಿಯ ಆಚೆಗಿನವರದಲ್ಲ, ಈಚೆಗಿನವರದು. ಇದನ್ನು ಬರೆಯದಿದ್ದರೆ ಕೋಷ್ಟಕ ನೋಡಿ ಪದ ಊಹಿಸಲು ಹೊರಟ ಪರೀಕ್ಷಕರು ಮೊದಲ ಪ್ರಯತ್ನದಲ್ಲೇ ತಪ್ಪುತ್ತಾರೆ.

ಇನ್ನು ಕ್ರಾಸ್ ಎಂದರೇನು ಎಂಬ ಮುಖ್ಯ ಮಾತಿಗೆ ಬರೋಣ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲು ಕೊಡುವ ಉತ್ತರ ‘ನಮ್ಮ ಗೋತ್ರದವರು ಪ್ಯಾರಲಲ್, ಬೇರೆ ಗೋತ್ರದವರು ಕ್ರಾಸ್’. ಗೋತ್ರದ ಬದಲು ಬೆಡಗು, ಬಳಿ ಎಂದು ಹಾಕಿದರೂ ವಾದ ಅದೇ. ಅಪ್ಪನ ಕಡೆಯ ಹತ್ತಿರದ ಬಂಧುಗಳಲ್ಲಿ ಇದು ಚೆನ್ನಾಗಿ ಕೂಡಿಬರುವುದರಿಂದ ನಂಬಿಕೆ ಹುಟ್ಟಿಸುತ್ತದೆ. ಕೆಡುವುದು ಅಮ್ಮನ ಅಕ್ಕತಂಗಿಯರ ಮಕ್ಕಳ ಹತ್ತಿರ. ನಿಮ್ಮ ಅಮ್ಮ ಮತ್ತು ಅವಳ ತಂಗಿ ಎರಡು ಬೇರೆ ಗೋತ್ರದ ಮನೆಗಳಿಗೆ ಹೋಗಿರಬಹುದು. ಆಗ ಚಿಕ್ಕಮ್ಮನ ಮಗಳ ಗೋತ್ರ ನಿಮ್ಮದಲ್ಲ. ಆದರೂ ಅವಳು ತಂಗಿ, ನಿಮ್ಮ ಅಣ್ಣನಿಗೆ ಮದುವೆಯ ಮಾತೇ ಇಲ್ಲ. ಗೋತ್ರದ ಕಟ್ಟುಪಾಡು ಬೇರೆ, ವರಸೆ ಬೇರೆ. ಮದುವೆ ನಿಷ್ಕರ್ಷೆ ಮಾಡುವಾಗ ಮನೆಯ ಹಿರಿಯರು ಎರಡನ್ನೂ ಬೇರೆಬೇರೆಯಾಗಿ ಕೇಳುವುದು ಇದಕ್ಕೇ.

ಎರಡನೆಯ ಉತ್ತರ ಪಠ್ಯಪುಸ್ತಕದ್ದು: ಇಬ್ಬರನ್ನು ಕೂಡಿಸುವ ತಂದೆತಾಯಿಯರು ಒಂದೇ ಲಿಂಗದವರಾದರೆ ಪ್ಯಾರಲಲ್, ಬೇರೆ ಲಿಂಗದವರಾದರೆ ಕ್ರಾಸ್. ಅಪ್ಪ ಮತ್ತು ಅವನ ತಮ್ಮ ಇಬ್ಬರೂ ಗಂಡು, ಆದ್ದರಿಂದ ಮಕ್ಕಳು ಪ್ಯಾರಲಲ್. ಅಪ್ಪ ಗಂಡು, ಅವನ ತಂಗಿ ಹೆಣ್ಣು, ಆದ್ದರಿಂದ ಮಕ್ಕಳು ಕ್ರಾಸ್. ತಂದೆತಾಯಿಯರು ಸ್ವತಃ ಒಡಹುಟ್ಟಿದವರಾಗಿರುವವರೆಗೆ ಇದರಲ್ಲಿ ತಪ್ಪಿಲ್ಲ. ಅವರು ಒಡಹುಟ್ಟಿದವರಲ್ಲ, ಅವರೇ ಅತ್ತೆ-ಮಾವನ ಮಕ್ಕಳು ಎಂದಾದಾಗ ಏನು ಮಾಡಬೇಕು? ಇಲ್ಲಿ ಎರಡು ದಾರಿಗಳಿವೆ.

ಇರೊಕ್ವಾ ದಾರಿಯಲ್ಲಿ ಮೇಲಿನ ಕೊಂಡಿಗಳನ್ನು ನೋಡುವುದೇ ಇಲ್ಲ. ನಿಮ್ಮ ತಂದೆ ಅಥವಾ ತಾಯಿಯ ಲಿಂಗ ಒಂದು, ಎದುರಿನವರ ತಂದೆ ಅಥವಾ ತಾಯಿಯ ಲಿಂಗ ಇನ್ನೊಂದು. ಇವೆರಡು ಒಂದೇ ಆದರೆ ಪ್ಯಾರಲಲ್. ನ್ಯೂಯಾರ್ಕ್ ಪ್ರಾಂತ್ಯದ ಇರೊಕ್ವಾ ಗುಂಪಿನ ಸೆನೆಕಾ ಜನರಲ್ಲಿ ತಂದೆಯ ಯಾವ ಗಂಡು ಕಸಿನ್ ಆದರೂ ‘ತಂದೆ’, ತಾಯಿಯ ಯಾವ ಗಂಡು ಕಸಿನ್ ಆದರೂ ‘ಮಾವ’. ಆ ಕಸಿನ್ ಯಾವ ದಾರಿಯಿಂದ ಬಂದ ಎಂಬ ಪ್ರಶ್ನೆ ಏಳುವುದಿಲ್ಲ.

ಕನ್ನಡದ ದಾರಿಯಲ್ಲಿ ಎಲ್ಲ ಪೀಳಿಗೆಯ ಕೊಂಡಿಗಳೂ ಲೆಕ್ಕಕ್ಕೆ ಬರುತ್ತವೆ. ಎಣಿಸುವ ಕ್ರಮ ಹೀಗೆ. ಸರಪಣಿಯಲ್ಲಿ ಎಲ್ಲಕ್ಕಿಂತ ಮೇಲಿರುವ ಒಡಹುಟ್ಟಿದ ಇಬ್ಬರನ್ನು ಹುಡುಕಿ. ಅವರಿಂದ ಕೆಳಗೆ ಎರಡು ಕವಲು ಇಳಿಯುತ್ತವೆ, ಒಂದು ನಿಮ್ಮ ಕಡೆಗೆ, ಇನ್ನೊಂದು ಅವರ ಕಡೆಗೆ. ಒಂದೊಂದು ಪೀಳಿಗೆಯಲ್ಲೂ ಈ ಕವಲಿನವರನ್ನು ಆ ಕವಲಿನವರ ಜೊತೆ ಜೋಡಿಮಾಡಿ. ಒಂದೇ ಲಿಂಗದವರಾದರೆ ಸಮಜೋಡಿ, ಬೇರೆ ಲಿಂಗದವರಾದರೆ ಅಡ್ಡಜೋಡಿ. ನಿಮ್ಮ ಪೀಳಿಗೆಯವರೇ ಆಗಿದ್ದರೆ ನಿಮ್ಮಿಬ್ಬರ ಜೋಡಿಯನ್ನು ಎಣಿಸಬೇಡಿ. ಅಡ್ಡಜೋಡಿಗಳ ಸಂಖ್ಯೆ ಬೆಸವಾದರೆ ಕ್ರಾಸ್, ಸಮಸಂಖ್ಯೆ ಅಥವಾ ಸೊನ್ನೆಯಾದರೆ ಪ್ಯಾರಲಲ್.

ನಿಮ್ಮ ಅಜ್ಜಿ ಹೇಳಿದ ಹುಡುಗಿಯನ್ನೇ ತೆಗೆದುಕೊಳ್ಳಿ: ತಂದೆ-ತಂದೆ-ಸೋದರಿ-ಮಗ-ಮಗಳು. ಮೇಲಿನ ಜೋಡಿ ನಿಮ್ಮ ಅಜ್ಜ ಮತ್ತು ಅವನ ಸೋದರಿ, ಗಂಡು-ಹೆಣ್ಣು, ಅಡ್ಡಜೋಡಿ. ಅದರ ಕೆಳಗಿನ ಜೋಡಿ ನಿಮ್ಮ ಅಪ್ಪ ಮತ್ತು ಆ ಅತ್ತೆಯ ಮಗ, ಗಂಡು-ಗಂಡು, ಸಮಜೋಡಿ. ಅಡ್ಡಜೋಡಿ ಒಂದೇ, ಬೆಸ, ಆದ್ದರಿಂದ ಕ್ರಾಸ್. ಹುಡುಗಿ ನಿಮ್ಮ ಅಣ್ಣನಿಗೆ ವಯಸ್ಸು ನೋಡಿಕೊಂಡು ಅತ್ತಿಗೆ ಅಥವಾ ನಾದಿನಿಯ ಸಾಲಿನವಳು, ವರಸೆ ಕೂಡುತ್ತದೆ. ಈಗ ಅದೇ ಅತ್ತೆಯ ಮಗಳ ಮಗಳು: ತಂದೆ-ತಂದೆ-ಸೋದರಿ-ಮಗಳು-ಮಗಳು. ಮೇಲಿನ ಜೋಡಿ ಅಡ್ಡ. ಕೆಳಗಿನದು ನಿಮ್ಮ ಅಪ್ಪ ಮತ್ತು ಅತ್ತೆಯ ಮಗಳು, ಅದೂ ಅಡ್ಡ. ಎರಡು ಅಡ್ಡಜೋಡಿ, ಸಮಸಂಖ್ಯೆ, ಪ್ಯಾರಲಲ್. ಅವಳು ತಂಗಿ. ಇರೊಕ್ವಾ ನಿಯಮದಲ್ಲಿ ಕೆಳಗಿನ ಜೋಡಿಯನ್ನು ಮಾತ್ರ ನೋಡುವುದರಿಂದ ಉತ್ತರ ಪೂರ್ತಿ ತಿರುಗುಮುರುಗಾಗುತ್ತದೆ: ಮಗನ ಮಗಳು ತಂಗಿ, ಮಗಳ ಮಗಳು ಕ್ರಾಸ್.

ನಿಮ್ಮ ಅಜ್ಜಿ ಜೋಡಿ ಎಣಿಸಿರಲಾರರು. ಬಹುಶಃ ಅವರು ಮಾಡಿದ್ದು ಹೆಜ್ಜೆಹೆಜ್ಜೆಯಾಗಿ ಪದಗಳ ಮೇಲೆ ನಡೆಯುವುದು: ಸೋದರತ್ತೆಯ ಮಗ ಅಪ್ಪನಿಗೆ ಭಾವ ಅಥವಾ ಮೈದುನ, ಅಪ್ಪನ ಭಾವ ನಮಗೆ ಮಾವ, ಮಾವನ ಮಗಳು ಅಣ್ಣನಿಗೆ ವರಸೆ. ಸೋದರತ್ತೆಯ ಮಗಳು ಅಪ್ಪ ಮದುವೆಯಾಗಬಹುದಾಗಿದ್ದವಳು, ಆದ್ದರಿಂದ ನಮಗೆ ಚಿಕ್ಕಮ್ಮ ಅಥವಾ ದೊಡ್ಡಮ್ಮ. ಅವಳ ಮಗಳು ತಂಗಿ. ಎರಡು ವಿಧಾನವೂ ತಲುಪುವುದು ಒಂದೇ ಕಡೆಗೆ. ಪ್ರಬಂಧದಲ್ಲಿ ಎರಡನ್ನೂ ಕೊಡಿ, ಏಕೆಂದರೆ ಮೊದಲನೆಯದು ಕೋಷ್ಟಕದ ಘಟಕಕ್ಕೆ ವ್ಯಾಖ್ಯೆ, ಎರಡನೆಯದು ಜನ ನಿಜವಾಗಿ ಲೆಕ್ಕ ಹಾಕುವ ಬಗೆ.

ಎಷ್ಟು ಕಡೆ ಇವು ಬೇರೆಯಾಗುತ್ತವೆ ಎಂದು ಎಣಿಸಿ ನೋಡಬಹುದು. ಅಜ್ಜ-ಅಜ್ಜಿಯ ಪೀಳಿಗೆಯಲ್ಲಿ ಒಡಹುಟ್ಟಿದವರ ಮೂಲಕ ಬರುವ ನಿಮ್ಮ ಓರಗೆಯ ಬಂಧುಗಳನ್ನು ತೆಗೆದುಕೊಳ್ಳಿ. ನಿಮ್ಮ ಕಡೆ ತಂದೆ ಅಥವಾ ತಾಯಿ, ಅವರ ತಂದೆ ಅಥವಾ ತಾಯಿ, ಆ ಹಿರಿಯರ ಸೋದರ ಅಥವಾ ಸೋದರಿ, ಅವರ ಮಗ ಅಥವಾ ಮಗಳು: ನಾಲ್ಕು ಕಡೆ ಎರಡೆರಡು ಆಯ್ಕೆ, ಒಟ್ಟು 16 ದಾರಿ. ಮೇಲಿನ ಜೋಡಿ ಸಮವಾಗಿರುವ 8 ದಾರಿಗಳಲ್ಲಿ ಕನ್ನಡ, ಇರೊಕ್ವಾ ಎರಡೂ ಒಂದೇ ಉತ್ತರ ಕೊಡುತ್ತವೆ. ಅಡ್ಡವಾಗಿರುವ 8ರಲ್ಲಿ ಪ್ರತಿಯೊಂದರಲ್ಲೂ ಉತ್ತರ ವಿರುದ್ಧ. ನೇರ ಅತ್ತೆ, ಮಾವ, ಚಿಕ್ಕಪ್ಪ, ಚಿಕ್ಕಮ್ಮನ ಮಕ್ಕಳಲ್ಲಿ ಮಾತ್ರ ನಿಂತ ಕೋಷ್ಟಕಕ್ಕೆ ಈ 8 ದಾರಿಗಳು ಕಾಣುವುದೇ ಇಲ್ಲ. ನಿಮ್ಮ ಎರಡು ಕೋಷ್ಟಕ ಒಂದೇ ಥರ ಕಂಡದ್ದು ಇದರಿಂದ.

ಇದೇ ಜಾಗದಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಲೂಯಿಸ್ ಹೆನ್ರಿ ಮಾರ್ಗನ್ ಎಡವಿದ. 1871ರ ತನ್ನ ದೊಡ್ಡ ಸಂಗ್ರಹದಲ್ಲಿ ಸೆನೆಕಾ ಪದಗಳ ಪಕ್ಕದಲ್ಲಿ ತಮಿಳು, ತೆಲುಗು, ಕನ್ನಡದ ಪಟ್ಟಿಗಳನ್ನೂ ಇಟ್ಟು ಎರಡೂ ಒಂದೇ ವ್ಯವಸ್ಥೆ ಎಂದು ತೀರ್ಮಾನಿಸಿದ. ಅಮೆರಿಕದ ಮೂಲನಿವಾಸಿಗಳು ಏಷ್ಯಾದಿಂದ ಹೋದವರು ಎಂಬ ತನ್ನ ವಾದಕ್ಕೆ ಅದನ್ನು ಸಾಕ್ಷಿಯಾಗಿ ಬಳಸಿದ. ದೂರದ ಸರಪಣಿಗಳಲ್ಲಿ ಎರಡು ಮಾದರಿಗಳು ಹೇಗೆ ಬೇರೆಯಾಗುತ್ತವೆ, ಏಕೆ ಬೇರೆಯಾಗುತ್ತವೆ ಎಂದು ಬಿಡಿಸಿಟ್ಟದ್ದು ಲೌನ್ಸ್‌ಬರಿಯ 1964ರ ಲೇಖನ. ನೀವು ಈಗ ಕೇಳಿದ ಪ್ರಶ್ನೆಗೆ ವಿದ್ವಾಂಸರಲ್ಲಿ ಸ್ಪಷ್ಟ ಉತ್ತರ ಸಿಕ್ಕಲು ಸುಮಾರು ತೊಂಬತ್ತು ವರ್ಷ ಹಿಡಿಯಿತು.

ನಿಯಮ ಬೇರೆಯಾಗಲು ಕಾರಣ ಮದುವೆ. ಫ್ರೆಂಚ್ ಮಾನವಶಾಸ್ತ್ರಜ್ಞ ಲೂಯಿ ಡ್ಯೂಮಾಂಟ್ 1953ರಲ್ಲಿ ದ್ರಾವಿಡ ಬಂಧುವಾಚಕಗಳನ್ನು ವಿವರಿಸಿದ್ದು ಈ ನೆಲೆಯಿಂದ. ಕನ್ನಡದಲ್ಲಿ ಅಮ್ಮನ ಸೋದರ, ಅಪ್ಪನ ಸೋದರಿಯ ಗಂಡ, ಹೆಂಡತಿಯ ಅಪ್ಪ ಮೂವರೂ ಒಂದೇ ಪದದಲ್ಲಿರುವುದು, ಮಾವನ ಮಗಳನ್ನು ತರುವ, ಅತ್ತೆಯ ಮಗನಿಗೆ ಕೊಡುವ ಮದುವೆಯನ್ನು ಪದವ್ಯವಸ್ಥೆಯೇ ಊಹಿಸಿಕೊಂಡಿರುವುದರಿಂದ. ಅಪ್ಪನ ಅತ್ತೆಯ ಮಗಳು ಅಮ್ಮನ ಸಾಲಿಗೆ ಬರುವುದೂ ಅದೇ ಕಾರಣಕ್ಕೆ. ಒಂದು ಪೀಳಿಗೆಯ ಕ್ರಾಸ್ ಸಂಬಂಧ ಮುಂದಿನ ಪೀಳಿಗೆಗೂ ನಂಟಾಗಿ ಹರಿಯಬೇಕಾದರೆ ಮೇಲಿನ ಜೋಡಿಯನ್ನು ಮರೆಯುವಂತಿಲ್ಲ. ಸೆನೆಕಾ ಜನರಲ್ಲಿ ಕ್ರಾಸ್ ಕಸಿನ್ ಮದುವೆಯ ರೂಢಿಯಿಲ್ಲ, ಹೆಂಡತಿಯ ತಂದೆಗೆ ‘ಮಾವ’ ಪದದಿಂದ ಬೇರೆಯಾದ ಪದವಿದೆ. ಅಲ್ಲಿ ಮೇಲಿನ ಜೋಡಿಯನ್ನು ನೆನಪಿಡುವ ಅಗತ್ಯವೇ ಬೀಳುವುದಿಲ್ಲ. ಅವರ ಕುಲಗಳು ತಾಯಿಯ ಕಡೆಯಿಂದ ಹರಿಯುತ್ತವೆ. ಆದರೂ ಅವರ ಕ್ರಾಸ್/ಪ್ಯಾರಲಲ್ ಕುಲವನ್ನು ಅನುಸರಿಸುವುದಿಲ್ಲ. ತಾಯಿ-ತಾಯಿ-ಸೋದರ-ಮಗಳು ಅವರಿಗೆ ‘ತಾಯಿ’, ಆದರೆ ಅವಳ ಕುಲ ಅವಳ ತಾಯಿಯದು. ಗೋತ್ರದ ಉತ್ತರ ನಮ್ಮಲ್ಲಿ ಬೀಳುವ ಹಾಗೆಯೇ ಕುಲದ ಉತ್ತರ ಅಲ್ಲಿಯೂ ಬೀಳುತ್ತದೆ.

ಮೇಲಿನ ಮತ್ತು ಕೆಳಗಿನ ಪೀಳಿಗೆಯವರಿಗೂ ಇದೇ ಎಣಿಕೆ ನಡೆಯುತ್ತದೆ, ಜೋಡಿ ಸಿಗದೆ ಉಳಿದ ಒಬ್ಬರನ್ನು ಬಿಟ್ಟುಬಿಡಬೇಕು ಅಷ್ಟೆ. ತಾಯಿ-ಸೋದರ: ಒಂದೇ ಜೋಡಿ, ಅಡ್ಡ, ಕ್ರಾಸ್, ಮಾವ. ತಂದೆ-ತಂದೆ-ಸೋದರಿ-ಮಗ: ಮೇಲೆ ಅಡ್ಡ, ಕೆಳಗೆ ಅಪ್ಪನೊಂದಿಗೆ ಸಮ, ಬೆಸ, ಮಾವ. ಕೆಳಗಿನ ಪೀಳಿಗೆಯಲ್ಲಿ ನೀವೇ ಜೋಡಿಯ ಒಂದು ಭಾಗವಾಗುತ್ತೀರಿ. ಅಲ್ಲಿ ಹೇಳುವವರ ಲಿಂಗ ಕೇಳದೆ ಪದ ಬರೆದುಕೊಂಡರೆ ಪಟ್ಟಿ ಕೆಡುತ್ತದೆ. ಅಕ್ಕನ ಮಗ ನಿಮ್ಮ ಅಣ್ಣನಿಗೆ ಅಳಿಯ, ನಿಮಗೆ ಮಗ. ಗಂಡಸರನ್ನು ಮಾತ್ರ ಕೇಳಿ ಮಾಡಿದ ಪಟ್ಟಿಯಲ್ಲಿ ‘ಅಳಿಯ ಎಂದರೆ ಅಕ್ಕತಂಗಿಯರ ಮಗ’ ಎಂಬ ತಪ್ಪು ವ್ಯಾಖ್ಯೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ.

ಮದುವೆಯ ಕೊಂಡಿ ಇರುವ ಸರಪಣಿಗೆ ಇನ್ನೊಂದು ಮಾತು ಸೇರಿಸಬೇಕು. ನಿಮ್ಮ ಪೀಳಿಗೆಯಲ್ಲೂ ಕೆಳಗಿನದರಲ್ಲೂ ಗಂಡ-ಹೆಂಡತಿಯ ಕೊಂಡಿ ದಾಟಿದರೆ ವರಸೆ ಮಗುಚುತ್ತದೆ: ಅಣ್ಣ ಪ್ಯಾರಲಲ್, ಅವನ ಹೆಂಡತಿ ಅತ್ತಿಗೆ ಕ್ರಾಸ್, ಮಗ ಪ್ಯಾರಲಲ್, ಅವನ ಹೆಂಡತಿ ಸೊಸೆ ಕ್ರಾಸ್. ಮೇಲಿನ ಪೀಳಿಗೆಯಲ್ಲಿ ಮಗುಚುವುದಿಲ್ಲ: ಮಾವನೂ ಕ್ರಾಸ್, ಅವನ ಹೆಂಡತಿ ಅತ್ತೆಯೂ ಕ್ರಾಸ್, ಚಿಕ್ಕಪ್ಪ ಪ್ಯಾರಲಲ್, ಚಿಕ್ಕಮ್ಮನೂ ಪ್ಯಾರಲಲ್. ಅಪ್ಪ-ಅಮ್ಮ ಗಂಡಹೆಂಡಿರಾಗಿದ್ದೂ ಇಬ್ಬರೂ ನಿಮಗೆ ಒಂದೇ ಕಡೆಯವರಾದ್ದರಿಂದ ಅಲ್ಲಿ ಮದುವೆ ಗೆರೆ ದಾಟಿಸುವುದಿಲ್ಲ. ಹೆಂಡತಿಯ ಅಕ್ಕತಂಗಿಯರ ಗಂಡನಿಗೆ ಷಡ್ಡಕ, ಗಂಡನ ಅಣ್ಣತಮ್ಮಂದಿರ ಹೆಂಡತಿಗೆ ಓರಗಿತ್ತಿ, ಮಕ್ಕಳ ಮಾವನಿಗೆ ಬೀಗ ಎಂಬ ಪ್ರತ್ಯೇಕ ಪದಗಳಿವೆ. ಇವು ಹುಟ್ಟಿನ ಸಂಬಂಧಕ್ಕೆ ಎಂದೂ ಬಳಕೆಯಾಗದ ಪದಗಳು, 12 ಮನೆಗಳ ಹೊರಗೆ ಬೇರೆ ಪಟ್ಟಿಯಾಗಿ ಇಡಿ. ಮಗುಚುವ ನಿಯಮದಂತೆ ಷಡ್ಡಕ ಅಣ್ಣತಮ್ಮಂದಿರ ಸಾಲಿಗೆ ಬೀಳುತ್ತಾನೆ, ಅವನ ಮಕ್ಕಳು ಹೇಳುವವನ ಮಕ್ಕಳಿಗೆ ಅಣ್ಣತಂಗಿಯರಾಗುವುದನ್ನು ನೋಡಿದರೆ ಅದು ಸರಿಯೆಂದು ಗೊತ್ತಾಗುತ್ತದೆ. ಸೋದರಮಾವ, ಸೋದರತ್ತೆ ಬೇರೆ ಬಗೆಯವು. ಮಾವ, ಅತ್ತೆ ಎಂಬ ವಿಶಾಲ ಪದಗಳ ಒಳಗೆ ಹುಟ್ಟಿನ ಸಂಬಂಧದವರನ್ನು ಆರಿಸಿ ಹೇಳುವ ಪದಗಳು. ಅವಕ್ಕೆ ಹೊಸ ಮನೆ ಕೊಡಬೇಡಿ, ಅದೇ ಮನೆಯ ಉಪವಿಭಾಗ ಮಾಡಿ.

ಇನ್ನು ಹಾಸನದ ಕಡೆ ಕೆಲಸ ಮಾಡುವಾಗ ನಿಮ್ಮನ್ನು ಹೆಚ್ಚು ಕಾಡುವುದು ಅಕ್ಕನ ಮಗಳ ಮದುವೆ. ಒಬ್ಬ ತನ್ನ ಅಕ್ಕನ ಮಗಳನ್ನು ಮದುವೆಯಾದ ಎನ್ನಿ. ಅವರ ಮಗುವಿಗೆ ಆ ಅಕ್ಕ ತಂದೆ-ಸೋದರಿಯೂ ಹೌದು, ತಾಯಿ-ತಾಯಿಯೂ ಹೌದು; ಒಂದು ದಾರಿಯಲ್ಲಿ ಅತ್ತೆ, ಇನ್ನೊಂದರಲ್ಲಿ ಅಜ್ಜಿ. ಅಕ್ಕನ ಮಗ ತಾಯಿ-ಸೋದರ ಆದ್ದರಿಂದ ಮಾವ, ತಂದೆ-ಸೋದರಿ-ಮಗ ಆದ್ದರಿಂದ ಭಾವ ಅಥವಾ ಮೈದುನ. ಕ್ರಾಸ್ ಎಂಬುದು ಎರಡು ದಾರಿಯಲ್ಲೂ ಉಳಿಯಿತು, ಪೀಳಿಗೆ ಮಾತ್ರ ಕದಲಿತು. ಹೇಳುವವರು ತಡವರಿಸಿದರೆ ಅದನ್ನು ತಪ್ಪು ಉತ್ತರ ಎಂದು ತಿದ್ದಬೇಡಿ. ಆ ವ್ಯಕ್ತಿಗೆ ಇರುವ ಎಲ್ಲ ದಾರಿಗಳನ್ನೂ ಬರೆದು, ಯಾವ ದಾರಿಯ ಪದ ಗೆದ್ದಿತು ಎಂದು ಗುರುತುಹಾಕಿ. ಇಷ್ಟು ರೂಢಿಯಲ್ಲಿದ್ದೂ ಈ ಮದುವೆ ಪದಗಳನ್ನು ಬದಲಿಸಿಲ್ಲ ಎಂಬುದು ಗಮನಾರ್ಹ. ಪದವ್ಯವಸ್ಥೆ ಅದರ ಮೇಲೆ ನಿಂತಿದ್ದರೆ ಅಕ್ಕ ಮತ್ತು ಹೆಂಡತಿಯ ತಾಯಿ ಒಂದೇ ಪದಕ್ಕೆ ಬರಬೇಕಿತ್ತು. ಅಕ್ಕ ಅಕ್ಕನಾಗಿ, ಅತ್ತೆ ಅತ್ತೆಯಾಗಿ ಬೇರೆಬೇರೆ ಉಳಿದಿರುವುದರಿಂದ ನಿಮ್ಮ ಕೋಷ್ಟಕಕ್ಕೆ ಆಧಾರವಾಗಬೇಕಾದದ್ದು ಮಾವನ ಮಗಳ, ಅತ್ತೆಯ ಮಗಳ ಮದುವೆಯೇ.

ಒಂದೇ ವ್ಯಕ್ತಿಗೆ ಹಲವು ದಾರಿಗಳಿರುವುದು ಸುತ್ತಮುತ್ತಲ ಹಳ್ಳಿಗಳೊಳಗೇ ಸಂಬಂಧ ಬೆಳೆಸಿದ ಮನೆಗಳಲ್ಲಿ ಸಾಮಾನ್ಯ ಸ್ಥಿತಿ. ಅದರಿಂದ ನಿಯಮದ ಪರೀಕ್ಷೆಗೆ ಒಂದೇ ದಾರಿ ಇರುವ ಬಂಧುಗಳನ್ನು ಆರಿಸಿ. ವಂಶವೃಕ್ಷವನ್ನು ಮೊದಲು ಬರೆದುಕೊಂಡು, ಆಮೇಲೆ ಇರುವ ವ್ಯಕ್ತಿಯ ಹೆಸರು ಹಿಡಿದು ‘ಇವರು ನಿಮಗೆ ಏನಾಗಬೇಕು’ ಎಂದು ಕೇಳಿ. ‘ಅಪ್ಪನ ಅತ್ತೆಯ ಮಗಳನ್ನು ಏನಂತೀರಿ’ ಎಂದು ಬರಿ ಸರಪಣಿ ಕೊಟ್ಟು ಕೇಳಿದರೆ ಕೊನೆಯಲ್ಲಿ ಕೇಳಿದ ‘ಅತ್ತೆಯ ಮಗಳು’ ಎಂಬ ಮಾತೇ ಉತ್ತರವಾಗಿ ವಾಪಸು ಬರುತ್ತದೆ.

ಕೇಳಬೇಕಾದದ್ದು ಮುಖ್ಯವಾಗಿ ನಾಲ್ವರು ಬಂಧುಗಳ ಬಗ್ಗೆ; ಅವರು ನಿಮ್ಮ ಓರಗೆಯವರಲ್ಲ, ಅಪ್ಪ-ಅಮ್ಮನ ಓರಗೆಯವರು. ಅವರನ್ನು ಎಲ್ಲರೂ ಪದ ಹಾಕಿಯೇ ಕರೆಯಬೇಕು. ಓರಗೆಯವರನ್ನು ಹೆಸರು ಹಿಡಿದು ಕರೆದು ತಪ್ಪಿಸಿಕೊಳ್ಳಬಹುದು. ತಂದೆ-ತಂದೆ-ಸೋದರಿ-ಮಗ ಕನ್ನಡದ ನಿಯಮದಲ್ಲಿ ಮಾವ, ಇರೊಕ್ವಾ ನಿಯಮದಲ್ಲಿ ತಂದೆ. ಅವನ ಸೋದರಿ ಕನ್ನಡದಲ್ಲಿ ಚಿಕ್ಕಮ್ಮ ಅಥವಾ ದೊಡ್ಡಮ್ಮ, ಅಲ್ಲಿ ಅತ್ತೆ. ತಾಯಿ-ತಾಯಿ-ಸೋದರ-ಮಗ ಕನ್ನಡದಲ್ಲಿ ಚಿಕ್ಕಪ್ಪ ಅಥವಾ ದೊಡ್ಡಪ್ಪ, ಅಲ್ಲಿ ಮಾವ. ಅವನ ಸೋದರಿ ಕನ್ನಡದಲ್ಲಿ ಅತ್ತೆ, ಅಲ್ಲಿ ತಾಯಿ. ಯಾರಾದರೂ ಅಪ್ಪನ ಕಡೆಯ ಹೆಂಗಸರೆಲ್ಲ ಅತ್ತೆ, ಅಮ್ಮನ ಕಡೆಯ ಗಂಡಸರೆಲ್ಲ ಮಾವ ಎಂದು ಉತ್ತರಿಸಿದರೆ ಮೇಲಿನ ಜೋಡಿ ಅವರ ಲೆಕ್ಕದಿಂದ ಜಾರಿದೆ ಎಂದರ್ಥ. ಅದೇ ಮನೆಯ ಹಿರಿಯರನ್ನೂ ಕೇಳಿ ಎರಡು ಉತ್ತರಗಳನ್ನು ವಯಸ್ಸಿನೊಂದಿಗೆ ಬೇರೆಬೇರೆ ದಾಖಲಿಸಿ, ಸರಾಸರಿ ಮಾಡಬೇಡಿ.

ಪರೀಕ್ಷಕರು ಕೇಳಬಹುದಾದ ಒಂದು ಪ್ರಶ್ನೆಗೆ ಸಿದ್ಧರಾಗಿರಿ: ‘ಈ ಘಟಕಗಳೇ ಏಕೆ, ಬೇರೆ ಏಕಲ್ಲ?’ ರಾಬಿನ್ಸ್ ಬರ್ಲಿಂಗ್ 1964ರಲ್ಲಿ ಎತ್ತಿದ ಆಕ್ಷೇಪ ಇದೇ. ಒಂದೇ ಪದಗಳ ಗುಂಪನ್ನು ಬೇರೆಬೇರೆ ಘಟಕಗಳಿಂದ ಅಷ್ಟೇ ಸರಿಯಾಗಿ ಸೀಳಬಹುದು, ಅದರಲ್ಲಿ ಯಾವುದು ಆಡುವವರ ತಲೆಯಲ್ಲಿದೆ ಎಂದು ಕೋಷ್ಟಕ ಹೇಳುವುದಿಲ್ಲ ಎಂದು ಅವರು ವಾದಿಸಿದರು. ಕನ್ನಡದಲ್ಲಿ ನೀವು ‘ಕ್ರಾಸ್’ ಎಂದು ಬರೆದ ಕಡೆಯಲ್ಲೆಲ್ಲ ಡ್ಯೂಮಾಂಟ್ ‘ಮದುವೆಯ ನಂಟು’ ಎಂದು ಬರೆಯುತ್ತಾರೆ. 12 ಮನೆಯೂ ಹಾಗೆಯೇ ತುಂಬುತ್ತವೆ. ಈ ಎರಡರ ನಡುವೆ ಕೋಷ್ಟಕದಿಂದ ತೀರ್ಪು ಸಿಗುವುದಿಲ್ಲ, ಸಿಗುತ್ತದೆ ಎಂದು ಬರೆಯಲೂಬೇಡಿ. ಆದರೆ ಗೋತ್ರದ ವ್ಯಾಖ್ಯೆ, ಇರೊಕ್ವಾ ವ್ಯಾಖ್ಯೆ, ಎಲ್ಲ ಜೋಡಿ ಎಣಿಸುವ ವ್ಯಾಖ್ಯೆ ಈ ಮೂರರ ನಡುವೆ ತೀರ್ಪು ಖಂಡಿತ ಸಿಗುತ್ತದೆ, ಏಕೆಂದರೆ ಅವು ಬೇರೆಬೇರೆ ಪದಗಳನ್ನು ಊಹಿಸುತ್ತವೆ. ಚಿಕ್ಕಮ್ಮನ ಮಗಳಲ್ಲಿ ಮೊದಲನೆಯದು ಬೀಳುತ್ತದೆ. ಅಪ್ಪನ ಸೋದರತ್ತೆಯ ಮಗನಲ್ಲಿ ಎರಡನೆಯದು ಬೀಳುತ್ತದೆ. ಪ್ರಬಂಧದಲ್ಲಿ ಈ ಎರಡು ಸರಪಣಿಗಳನ್ನು ಕೋಷ್ಟಕದ ಕೆಳಗೇ ಬಿಡಿಸಿ ತೋರಿಸಿ, ಕ್ರಾಸ್ ಎಂಬ ತಲೆಬರಹದಡಿ ಬೆಸ-ಸಮ ನಿಯಮವನ್ನು ಒಂದು ವಾಕ್ಯದಲ್ಲಿ ಬರೆಯಿರಿ.